ಫ್ರೀಜರ್‌ನ ಒಂದು ಮೂಲೆಗೆ ಮಾತ್ರ ಐಸ್ ಹಿಡಿಯುತ್ತಿದೆಯೇ? ಗ್ಯಾಸ್ ಹಾಕುವ ಮೊದಲು ನೋಡಬೇಕಾದ್ದು

ಆಟಿ ತಿಂಗಳ ಮಳೆ. ಪೆರ್ಲದ ಹತ್ತಿರದ ಒಂದು ಮನೆಗೆ ಹೋದಾಗ ನಿವೃತ್ತ ಟೀಚರಕ್ಕ ಮೊದಲು ತೋರಿಸಿದ್ದು ಫ್ರಿಜ್ಜನ್ನಲ್ಲ, ಇಡ್ಲಿ ಹಿಟ್ಟಿನ ಪಾತ್ರೆಯನ್ನು. ರಾತ್ರಿ ಫ್ರಿಜ್ಜಿನೊಳಗೆ ಇಟ್ಟ ಹಿಟ್ಟು ಬೆಳಗಾಗುವಾಗ ಉಕ್ಕಿ ಮುಚ್ಚಳವನ್ನೇ ಎತ್ತಿತ್ತು. "ಗ್ಯಾಸ್ ಹಾಕಿಸಿ ಎರಡು ತಿಂಗಳು ಆಗಲಿಲ್ಲ ತಮ್ಮಾ, ಅದಕ್ಕಿಂತ ಮೊದಲು ವಿಷುವಿನ ಸಮಯದಲ್ಲಿಯೂ ಒಮ್ಮೆ ಹಾಕಿಸಿದ್ದೆ. ಪುನಃ ಲೀಕ್ ಆಯ್ತಾ ಎಂತ?" ಎಂದು ಕೇಳಿದರು.

ಸಿಂಗಲ್ ಡೋರ್, 190 ಲೀಟರಿನ ಫ್ರಿಜ್. ಫ್ರೀಜರ್ ಬಾಗಿಲು ತೆಗೆದೆ. ಎಡಗಡೆಯ ಹಿಂದಿನ ಮೂಲೆಯಲ್ಲಿ ಒಂದು ಅಂಗೈ ಅಗಲಕ್ಕೆ ಗಟ್ಟಿಯಾದ, ಬೆಳ್ಳಗಿನ, ಒಣ ಐಸ್. ಅದರಾಚೆ ಅಲ್ಯೂಮಿನಿಯಂ ತಗಡು ಬರಿದಾಗಿ ಹೊಳೆಯುತ್ತಿತ್ತು, ಬೆರಳಿಟ್ಟರೆ ತಣ್ಣಗೂ ಇರಲಿಲ್ಲ. ಕಂಪ್ರೆಸರ್ ಮಾತ್ರ ಎರಡು ದಿನದಿಂದ ಒಮ್ಮೆಯೂ ಕಟ್ ಆಗದೆ ಓಡುತ್ತಿತ್ತು.

ಇಂಥ ಐಸ್ ಕಂಡ ಕೂಡಲೇ ನಮ್ಮ ಕೆಲಸದವರ ಬಾಯಲ್ಲಿ ಬರುವ ಮಾತು "ಗ್ಯಾಸ್ ಕಡಿಮೆ" ಎಂದು. ಆ ಮಾತು ಅರ್ಧ ಸಲ ಸರಿ. ಉಳಿದರ್ಧ ಸಲ ಗ್ಯಾಸ್ ಪೂರ್ತಿ ಇರುತ್ತದೆ, ದಾರಿ ಕಟ್ಟಿರುತ್ತದೆ. ಫಿಲ್ಟರಿನಲ್ಲೋ ಕ್ಯಾಪಿಲರಿಯಲ್ಲೋ ಹಾಫ್ ಚೋಕ್. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಆದರೆ ರಿಪೇರಿ ಪೂರಾ ಬೇರೆ. ಚೋಕ್ ಆದ ಫ್ರಿಜ್ಜಿಗೆ ಗ್ಯಾಸ್ ಹಾಕುತ್ತಾ ಹೋದರೆ ಕೊನೆಗೆ ಕಂಪ್ರೆಸರೇ ಹೋಗುತ್ತದೆ. ಹಾಗಾಗಿ ಈ ಎರಡನ್ನು ಬೇರೆ ಮಾಡುವುದು ಹೇಗೆ, ಚೋಕ್ ಎಂದು ಖಚಿತವಾದ ಮೇಲೆ ಏನು ಮಾಡಬೇಕು ಎಂಬುದನ್ನು ಆ ಟೀಚರಕ್ಕನ ಫ್ರಿಜ್ಜನ್ನೇ ಇಟ್ಟುಕೊಂಡು ಹೇಳುತ್ತೇನೆ. ಅದು ಆರ್-134ಎ ಗ್ಯಾಸಿನ ಫ್ರಿಜ್. ಈಗ ಹೊಸದಾಗಿ ಬರುವ ಆರ್-600ಎ ಫ್ರಿಜ್ಜಿನಲ್ಲಿ ಬದಲಾಗುವ ವಿಷಯಗಳನ್ನು ಅಲ್ಲಲ್ಲೇ ಹೇಳುತ್ತೇನೆ.

ಮೂಲೆಗೆ ಮಾತ್ರ ಐಸ್ ಯಾಕೆ

ಕಂಡೆನ್ಸರಿನಲ್ಲಿ ದ್ರವವಾದ ಗ್ಯಾಸ್ ಫಿಲ್ಟರ್ ದಾಟಿ, ಕೂದಲೆಳೆಯ ಹಾಗಿರುವ ಕ್ಯಾಪಿಲರಿಯೊಳಗೆ ನುಗ್ಗಿ ಫ್ರೀಜರಿಗೆ ಬರುತ್ತದೆ. ಮನೆಯ ಫ್ರಿಜ್ಜಿನ ಕ್ಯಾಪಿಲರಿಯ ಒಳಗಿನ ತೂತು ಒಂದು ಮಿಲಿಮೀಟರಿಗಿಂತಲೂ ಸಣ್ಣದು. ನಾವು ಹೆಚ್ಚಾಗಿ ಬಳಸುವ 31 ನಂಬರಿನದ್ದಕ್ಕೆ 0.031 ಇಂಚು, ಅಂದರೆ 0.8 ಮಿಲಿಮೀಟರಿನಷ್ಟು. ಫ್ರೀಜರಿನಲ್ಲಿ ಒತ್ತಡ ಇಳಿದು ದ್ರವ ಕುದಿಯುತ್ತದೆ, ಕುದಿಯುವಾಗ ಸುತ್ತಲಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ದ್ರವ ಎಲ್ಲಿಯವರೆಗೆ ತಲುಪುತ್ತದೋ ಅಲ್ಲಿಯವರೆಗೆ ಐಸ್.

ದಾರಿ ಅರ್ಧ ಕಟ್ಟಿದರೆ ಬರುವ ದ್ರವ ಕಡಿಮೆ. ಬಂದಷ್ಟೂ ಮೊದಲ ಒಂದೆರಡು ಸುತ್ತಿನಲ್ಲೇ ಕುದಿದು ಮುಗಿಯುತ್ತದೆ. ಮುಂದಿನ ಸುತ್ತುಗಳಲ್ಲಿ ಬರೀ ಆವಿ ಹಾದುಹೋಗುತ್ತದೆ, ಅದರಿಂದ ತಂಪಾಗುವುದಿಲ್ಲ. ಕಂಪ್ರೆಸರ್ ಎಳೆಯುತ್ತಲೇ ಇರುವುದರಿಂದ ಒತ್ತಡ ತೀರಾ ಕೆಳಗಿಳಿದು, ಆ ಮೊದಲ ಮೂಲೆ ಮಾತ್ರ ವಿಪರೀತ ತಣ್ಣಗಾಗುತ್ತದೆ. ಅದಕ್ಕೇ ಅಲ್ಲಿನ ಐಸ್ ಅಷ್ಟು ಗಟ್ಟಿ.

ಲೀಕ್ ಆದಾಗಲೂ ಫ್ರೀಜರಿಗೆ ಬರುವ ದ್ರವ ಕಡಿಮೆಯೇ, ಹಾಗಾಗಿ ಐಸ್ ಹಿಡಿಯುವ ರೀತಿಯೂ ಅದೇ. ಫ್ರೀಜರನ್ನು ಎಷ್ಟು ಹೊತ್ತು ನೋಡಿದರೂ ಇದು ಲೀಕೋ ಚೋಕೋ ಎಂದು ತಿಳಿಯುವುದಿಲ್ಲ. ಫ್ರಿಜ್ಜಿನ ಹಿಂದೆ ಹೋಗಬೇಕು.

ಅದಕ್ಕೂ ಮೊದಲು ಒಂದು ಸಣ್ಣ ಮಾತು. ಐಸ್ ಇರುವ ಮೂಲೆ ಕ್ಯಾಪಿಲರಿ ಒಳಬರುವ ಮೂಲೆಯೇ ಎಂದು ನೋಡಿಕೊಳ್ಳಿ. ಬಾಗಿಲಿನ ಬದಿಯಲ್ಲಿ ಮಾತ್ರ ಐಸ್ ಗುಡ್ಡೆಯಾಗಿದ್ದರೆ ಅದು ಬಾಗಿಲು ಸರಿಯಾಗಿ ಕೂರದೆ ಒಳಗೆ ನುಗ್ಗಿದ ತೇವ. ನಮ್ಮ ಮಳೆಗಾಲದಲ್ಲಿ ಗ್ಯಾಸ್ಕೆಟ್ ಸ್ವಲ್ಪ ಸಡಿಲವಾದರೂ ಸಾಕು. ಫ್ರಾಸ್ಟ್ ಫ್ರೀ ಫ್ರಿಜ್ಜಾದರೆ ಕಾಯಿಲ್ ಹಿಂದಿನ ಪ್ಯಾನಲಿನೊಳಗೆ ಇರುತ್ತದೆ, ಅದನ್ನು ಬಿಚ್ಚಿಯೇ ನೋಡಬೇಕು. ಅಲ್ಲಿ ಇಡೀ ಕಾಯಿಲ್ ಐಸಿನಲ್ಲಿ ಹೂತುಹೋಗಿದ್ದರೆ ಹೀಟರ್ ಅಥವಾ ಫ್ಯಾನಿನ ಕಡೆ ಹುಡುಕಿ. ಒಂದೆರಡು ಸುತ್ತಿಗೆ ಮಾತ್ರ ಐಸ್ ಇದ್ದರೆ ಮುಂದೆ ಓದಿ.

ಕೈಯಿಂದಲೇ ಮಾಡುವ ಮೂರು ಪರೀಕ್ಷೆ

ಒತ್ತಡ ಅಳೆಯುವ ಗೇಜ್ ಹಾಕಲು ಅವಸರ ಬೇಡ. ಗೇಜ್ ಹಾಕಬೇಕಾದರೆ ಲೈನ್ ತೂತು ಮಾಡಬೇಕು, ಮಾಡಿದರೆ ಆ ಫ್ರಿಜ್ಜಿನ ಗ್ಯಾಸ್ ಪೂರ್ತಿ ತೆಗೆದು ಪುನಃ ತುಂಬುವ ಕೆಲಸ ಹೇಗೂ ತಲೆಗೆ ಬರುತ್ತದೆ. ಫ್ರಿಜ್ ಕನಿಷ್ಠ ಅರ್ಧ ಗಂಟೆ ಓಡುತ್ತಿರುವಾಗಲೇ ಈ ಮೂರನ್ನು ನೋಡಿ.

ಮೊದಲನೆಯದು ಕಂಡೆನ್ಸರ್. ಹಿಂದಿನ ಕಪ್ಪು ಜಾಲರಿಯ ಮೇಲಿನಿಂದ ಕೆಳಗಿನವರೆಗೆ ಅಂಗೈ ಆಡಿಸಿ. ಸರಿಯಿರುವ ಫ್ರಿಜ್ಜಿನಲ್ಲಿ ಮೇಲೆ ಬಿಸಿ, ಕೆಳಗೆ ಬರುಬರುತ್ತಾ ಉಗುರುಬೆಚ್ಚಗೆ. ಗ್ಯಾಸ್ ಕಡಿಮೆಯಿದ್ದರೆ ಇಡೀ ಜಾಲರಿಯೇ ಮಂದವಾಗಿ ಬೆಚ್ಚಗಿರುತ್ತದೆ, ಮೇಲಿನ ಸುತ್ತಿನಲ್ಲೂ ಜೋರು ಬಿಸಿ ಇರುವುದಿಲ್ಲ. ಚೋಕ್ ಆಗಿದ್ದರೆ ಮುಂದೆ ಹೋಗಲಾರದ ದ್ರವ ಕಂಡೆನ್ಸರಿನ ಕೆಳಗಿನ ಸುತ್ತುಗಳಲ್ಲಿ ನಿಂತು ತಣಿಯುತ್ತದೆ. ಮೇಲಿನ ಸುತ್ತುಗಳು ಬಿಸಿ, ಅಲ್ಲಿಂದ ಒಂದು ಸಾಲು ದಾಟಿದ ಕೂಡಲೇ ಕೋಣೆಯ ಗಾಳಿಯಷ್ಟೇ ತಣ್ಣಗೆ. ಟೀಚರಕ್ಕನ ಫ್ರಿಜ್ಜಿನಲ್ಲಿ ಮೇಲಿನ ಐದಾರು ಸಾಲಿನಲ್ಲಿ ಕೈ ಇಡಲು ಕಷ್ಟ, ಕೆಳಗಿನ ಅರ್ಧ ಪೂರ್ತಿ ತಣ್ಣಗಿತ್ತು. ಕಂಡೆನ್ಸರ್ ಬಾಡಿಯ ಒಳಗೇ ಇರುವ ಮಾಡೆಲುಗಳಲ್ಲಿ ಈ ಪರೀಕ್ಷೆ ಅಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ.

ಎರಡನೆಯದು ಫಿಲ್ಟರ್. ಕಂಪ್ರೆಸರಿನ ಪಕ್ಕದಲ್ಲಿ ಹೆಬ್ಬೆರಳು ಗಾತ್ರದ ತಾಮ್ರದ ಕೊಳವೆ ಇರುತ್ತದಲ್ಲ, ಅದರ ಎರಡೂ ತುದಿಯನ್ನು ಎರಡು ಬೆರಳಿನಿಂದ ಒಟ್ಟಿಗೆ ಮುಟ್ಟಿ. ಕಂಡೆನ್ಸರ್ ಕಡೆಯ ತುದಿಗೂ ಕ್ಯಾಪಿಲರಿ ಕಡೆಯ ತುದಿಗೂ ವ್ಯತ್ಯಾಸ ತಿಳಿಯಬಾರದು. ತಿಳಿದರೆ ಫಿಲ್ಟರಿನೊಳಗೇ ಒತ್ತಡ ಇಳಿಯುತ್ತಿದೆ, ಅಂದರೆ ಕ್ಯಾಪಿಲರಿ ಮಾಡಬೇಕಾದ ಕೆಲಸವನ್ನು ಫಿಲ್ಟರೇ ಶುರು ಮಾಡಿದೆ. ಆ ದಿನ ನಾನು ಕ್ಲಿಪ್ ಥರ್ಮಾಮೀಟರ್ ಹಾಕಿ ನೋಡಿದಾಗ ಒಳಬರುವ ತುದಿಯಲ್ಲಿ 32 ಡಿಗ್ರಿ, ಹೊರಹೋಗುವ ತುದಿಯಲ್ಲಿ 22 ಡಿಗ್ರಿ ಇತ್ತು. ಕೆಳಗಿನ ಅರ್ಧ ಫಿಲ್ಟರ್ ಬೆವರಿ, ಒಂದು ಹನಿ ನೀರು ಕ್ಯಾಪಿಲರಿಯ ಬೆಂಡಿನಲ್ಲಿ ನೇತಾಡುತ್ತಿತ್ತು.

ಈ ಬೆವರಿನ ಬಗ್ಗೆ ನಮ್ಮೂರಿನವರು ಒಂದನ್ನು ತಿಳಿದಿರಬೇಕು. ಕಾಸರಗೋಡಿನ ಮಳೆಗಾಲದ ಗಾಳಿಯಲ್ಲಿ ಎಷ್ಟು ತೇವ ಇರುತ್ತದೆಂದರೆ, ಗಾಳಿಗಿಂತ ನಾಲ್ಕೈದು ಡಿಗ್ರಿ ತಣ್ಣಗಿರುವ ಯಾವುದೇ ಲೋಹದ ಮೇಲೆ ನೀರು ಕೂರುತ್ತದೆ. ಹಾಗಾಗಿ ಮಳೆಗಾಲದಲ್ಲಿ ಫಿಲ್ಟರ್ ಚೋಕ್ ಕಣ್ಣಿಗೇ ಕಾಣುತ್ತದೆ. ಬೇಸಿಗೆಯ ಒಣ ಮಧ್ಯಾಹ್ನದಲ್ಲಿ ಅದೇ ಚೋಕ್ ಬೆವರದೆ ತಪ್ಪಿಸಿಕೊಳ್ಳಬಹುದು, ಆಗ ಬೆರಳು ಅಥವಾ ಥರ್ಮಾಮೀಟರನ್ನೇ ನಂಬಬೇಕು. ಕಂಪ್ರೆಸರಿಗೆ ವಾಪಸು ಬರುವ ದಪ್ಪ ಸಕ್ಷನ್ ಪೈಪ್ ಬೆವರಿದರೆ ಅದನ್ನು ಚೋಕಿನ ಲಕ್ಷಣ ಎಂದುಕೊಳ್ಳಬೇಡಿ. ಹಾಫ್ ಚೋಕ್ ಇದ್ದರೆ ಆ ಪೈಪ್ ಒಣಗಿ, ಬೆಚ್ಚಗೇ ಇರುತ್ತದೆ.

ಮೂರನೆಯದು ಕಿವಿಯ ಪರೀಕ್ಷೆ. ಪ್ಲಗ್ ತೆಗೆದು, ಫ್ರೀಜರ್ ಬಾಗಿಲು ತೆರೆದು, ಐಸ್ ಇರುವ ಮೂಲೆಗೆ ಕಿವಿ ಕೊಡಿ. ಕಂಪ್ರೆಸರ್ ನಿಂತ ಮೇಲೆ ಎರಡೂ ಕಡೆಯ ಒತ್ತಡ ಸಮವಾಗುವವರೆಗೆ ಗ್ಯಾಸ್ ಹರಿಯುವ ಸದ್ದು ಬರುತ್ತದೆ. ಸರಿಯಿರುವ ಫ್ರಿಜ್ಜಿನಲ್ಲಿ ಮೂರರಿಂದ ಆರು ನಿಮಿಷದಲ್ಲಿ ಅದು ಮುಗಿಯುತ್ತದೆ. ಗ್ಯಾಸ್ ಕಡಿಮೆಯಿದ್ದರೆ ಇನ್ನೂ ಬೇಗ ಮುಗಿಯುತ್ತದೆ. ಚೋಕ್ ಇದ್ದರೆ ಸಣ್ಣಗೆ, ಎಳೆದೆಳೆದು, ಹತ್ತು ಹದಿನೈದು ನಿಮಿಷವಾದರೂ ಸುಯ್ಯೆನ್ನುತ್ತಲೇ ಇರುತ್ತದೆ. ಪೂರ್ತಿ ಚೋಕಾದರೆ ಸದ್ದೇ ಇಲ್ಲ. ಮಾಡು ತಗಡಿನದ್ದಾಗಿ ಮಳೆ ಜೋರಿದ್ದರೆ ಏನೂ ಕೇಳಿಸುವುದಿಲ್ಲ. ಆಗ ಐದಾರು ನಿಮಿಷ ಬಿಟ್ಟು ಪುನಃ ಪ್ಲಗ್ ಹಾಕಿ ನೋಡಿ. ಒತ್ತಡ ಸಮವಾಗದೆ ಇದ್ದರೆ ಕಂಪ್ರೆಸರ್ ಗುಂಯ್ ಎಂದು ಎರಡು ಸೆಕೆಂಡ್ ತಿಣುಕಿ, ಓವರ್‌ಲೋಡ್ ಕಟ್ ಎಂದು ಬಿಡುತ್ತದೆ. ವೋಲ್ಟೇಜ್ ಸರಿ ಇದ್ದೂ ಹೀಗಾದರೆ ಅದೂ ಚೋಕಿನ ಕಡೆಗೇ ಬೆರಳು ತೋರಿಸುತ್ತದೆ. ಈ ಪರೀಕ್ಷೆಯನ್ನು ಒಂದೇ ಸಲ ಮಾಡಿ, ಪದೇ ಪದೇ ಬೇಡ.

ಕರೆಂಟ್ ಅಳೆದು ನೋಡಿದರೆ ಆಗದೇ ಎಂದು ಹುಡುಗರು ಕೇಳುತ್ತಾರೆ. ಕ್ಲಾಂಪ್ ಮೀಟರ್ ಹಾಕಿ, ಆದರೆ ಅದೊಂದನ್ನೇ ನಂಬಬೇಡಿ. ಲೀಕಿನಲ್ಲಿ ಕಂಪ್ರೆಸರಿಗೆ ಕೆಲಸ ಕಡಿಮೆ, ಆಂಪಿಯರ್ ಇಳಿಯುತ್ತದೆ. ಚೋಕಿನಲ್ಲೂ ಹರಿವು ಕಡಿಮೆಯಾದ್ದರಿಂದ ಇಳಿಯಬಹುದು. ಮೇಲಿಂದ ಯಾರಾದರೂ ಗ್ಯಾಸ್ ತುಂಬಿಸಿದ್ದರೆ ಕಂಡೆನ್ಸರ್ ಕಡೆಯ ಒತ್ತಡ ಏರಿ ಆಂಪಿಯರ್ ಮೊದಲಿನಷ್ಟೇ ಆಗಿ ಕೂರುತ್ತದೆ. ಟೀಚರಕ್ಕನ ಫ್ರಿಜ್ಜಿನ ಪ್ಲೇಟಿನಲ್ಲಿ 1 ಆಂಪಿಯರ್ ಎಂದಿತ್ತು, ಮೀಟರ್ 0.9 ತೋರಿಸಿತು. ಅದನ್ನು ಮಾತ್ರ ನೋಡಿದವರು ಎಲ್ಲ ಸರಿಯಿದೆ ಎಂದೇ ಹೇಳುತ್ತಿದ್ದರು.

ಗೇಜ್ ಹೇಳುವ ಕೊನೆಯ ಮಾತು

ಕೈ ಪರೀಕ್ಷೆ ಮುಗಿದು ಕೆಲಸ ಮಾಡುವುದು ಖಚಿತವಾದ ಮೇಲೆ ಕಂಪ್ರೆಸರಿನಲ್ಲಿ ಗ್ಯಾಸ್ ತುಂಬುವ ಚಾರ್ಜಿಂಗ್ ಪೈಪಿಗೆ ಗೇಜ್ ಹಾಕಿ. ಎರಡು ರೀಡಿಂಗ್ ಬೇಕು, ಒಂದಿದ್ದರೆ ಸಾಲದು.

ಮೊದಲು ಕಂಪ್ರೆಸರ್ ನಿಲ್ಲಿಸಿ, ಐಸ್ ಕರಗಿ ಎಲ್ಲವೂ ಕೋಣೆಯ ಬಿಸಿಗೆ ಬಂದ ಮೇಲೆ ನಿಂತ ಒತ್ತಡ ನೋಡಿ. ಆರ್-134ಎ ಮನೆ ಫ್ರಿಜ್ಜಿನಲ್ಲಿ ನಮ್ಮ ಕಡೆಯ 30 ಡಿಗ್ರಿ ಹವೆಗೆ ಇದು ಸಾಮಾನ್ಯವಾಗಿ 60ರಿಂದ 80 ಪಿಎಸ್‌ಐ ಇರುತ್ತದೆ. ಆಮೇಲೆ ಓಡಿಸಿ ನೋಡಿ. ಸರಿಯಿರುವ ಫ್ರಿಜ್ ತಣ್ಣಗಾದ ಮೇಲೆ ಸೊನ್ನೆಯಿಂದ 10 ಪಿಎಸ್‌ಐ ಒಳಗೆ ನಿಲ್ಲುತ್ತದೆ. ಓಡುವಾಗ ಗೇಜ್ ಸೊನ್ನೆಗಿಂತಲೂ ಕೆಳಗೆ, ವ್ಯಾಕ್ಯೂಮಿಗೆ ಇಳಿದರೆ ಅದು ಲೀಕೂ ಆಗಬಹುದು, ಚೋಕೂ ಆಗಬಹುದು. ಬಿಡಿಸಿ ಹೇಳುವುದು ನಿಂತ ಒತ್ತಡ. ಓಡುವಾಗ ವ್ಯಾಕ್ಯೂಮ್, ನಿಂತಾಗಲೂ 20-30 ಪಿಎಸ್‌ಐ ಮಾತ್ರ ಎಂದರೆ ಗ್ಯಾಸ್ ಹೋಗಿದೆ. ಓಡುವಾಗ ವ್ಯಾಕ್ಯೂಮ್, ನಿಂತಾಗ ಪೂರ್ತಿ ಒತ್ತಡ ಎಂದರೆ ಗ್ಯಾಸ್ ಅಲ್ಲೇ ಇದೆ, ದಾರಿ ಇಲ್ಲ.

ಟೀಚರಕ್ಕನ ಫ್ರಿಜ್ ನಿಂತಾಗ 85, ಓಡುವಾಗ 10 ಇಂಚು ವ್ಯಾಕ್ಯೂಮ್. ನಿಂತಾಗ 85 ಎಂದರೆ ಗ್ಯಾಸ್ ಕಡಿಮೆಯಿಲ್ಲದ್ದು ಮಾತ್ರವಲ್ಲ, ಹೆಚ್ಚಾಗಿದೆ.

ಆರ್-600ಎ ಫ್ರಿಜ್ಜಿಗೆ ಈ ಲೆಕ್ಕ ಹಾಕಬೇಡಿ. ಆ ಗ್ಯಾಸ್ ಸಹಜವಾಗಿಯೇ ಓಡುವಾಗ ವ್ಯಾಕ್ಯೂಮಿನಲ್ಲಿರುತ್ತದೆ, ನಿಂತ ಒತ್ತಡವೂ ಬಹಳ ಕಡಿಮೆ. ಅದರಲ್ಲಿ ಕಂಡೆನ್ಸರ್, ಫಿಲ್ಟರ್, ಸದ್ದು ಈ ಮೂರನ್ನೇ ಆಧಾರ ಮಾಡಿಕೊಳ್ಳಬೇಕು. ಓಡುತ್ತಿರುವ ಆರ್-600ಎ ಫ್ರಿಜ್ಜಿನ ಸಕ್ಷನ್ ಲೈನನ್ನು ತೂತು ಮಾಡಿದರೆ ಗ್ಯಾಸ್ ಹೊರಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಅದು ಅಡುಗೆ ಗ್ಯಾಸಿನ ಹಾಗೆ ಉರಿಯುವ ಗ್ಯಾಸ್. ಒಳಗೆ ಗ್ಯಾಸ್ ಇರುವಾಗ ಬೆಸುಗೆಯ ಟಾರ್ಚ್ ಹಚ್ಚುವ ಮಾತೇ ಇಲ್ಲ. ಅದರ ಕೆಲಸ ಕಲಿಯದವರು ಅದಕ್ಕೆ ಕೈ ಹಾಕಬಾರದು.

ಚೋಕ್ ಯಾವುದು: ನೀರೋ, ಕಸವೋ?

ನೀರಿನ ಚೋಕ್ ಬಂದು ಹೋಗುತ್ತದೆ. ಒಳಗೆ ಸೇರಿದ ಸ್ವಲ್ಪ ತೇವ ಕ್ಯಾಪಿಲರಿ ಫ್ರೀಜರಿಗೆ ಸೇರುವ ಬಾಯಲ್ಲಿ ಐಸಾಗಿ ಕಟ್ಟಿಕೊಳ್ಳುತ್ತದೆ. ಪ್ಲಗ್ ತೆಗೆದು ಎರಡು ಗಂಟೆ ಬಿಟ್ಟು ಹಾಕಿದರೆ ಫ್ರಿಜ್ ಚೆನ್ನಾಗಿ ಶುರುವಾಗಿ, ಫ್ರೀಜರಿನ ಮುಕ್ಕಾಲು ಭಾಗಕ್ಕೆ ಹಿಮ ಹರಡಿ, ಒಂದು ಗಂಟೆಯ ಮೇಲೆ ಪುನಃ ಮೂಲೆಗೆ ಸೇರುತ್ತದೆ. ಕಟ್ಟಿದ ಹೊತ್ತಿನಲ್ಲಿ ಆ ಬಾಯಿಯ ಮೇಲೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಒತ್ತಿ ಹಿಡಿಯಿರಿ. ಒಂದೆರಡು ನಿಮಿಷದಲ್ಲಿ ಸುಯ್ ಎಂದು ಹರಿವು ಬಿಟ್ಟುಕೊಂಡರೆ ಅದು ನೀರೇ. ಟಾರ್ಚ್ ಹಿಡಿಯಬೇಡಿ, ಅಲ್ಯೂಮಿನಿಯಂ ತಗಡು ತೂತಾಗುತ್ತದೆ. ಮಳೆಗಾಲದಲ್ಲಿ ಸರಿಯಾಗಿ ವ್ಯಾಕ್ಯೂಮ್ ಮಾಡದೆ ಗ್ಯಾಸ್ ಹಾಕಿದ ಫ್ರಿಜ್ಜುಗಳಲ್ಲಿ ನಾನು ಹೆಚ್ಚು ನೋಡಿದ್ದು ಇದನ್ನೇ. ಆರ್-134ಎ ಕಂಪ್ರೆಸರಿನ ಎಣ್ಣೆ ಗಾಳಿಯಲ್ಲಿನ ತೇವವನ್ನು ಉಪ್ಪಿನ ಹಾಗೆ ಎಳೆದುಕೊಳ್ಳುತ್ತದೆ.

ಕಸದ ಚೋಕಿಗೆ ಬಿಸಿ ಬಟ್ಟೆಯಿಂದ ಏನೂ ಆಗುವುದಿಲ್ಲ. ಸುಟ್ಟ ಕಂಪ್ರೆಸರಿನ ಕರಿ, ಪೈಪುಗಳನ್ನು ಬ್ರೇಜಿಂಗ್ ಮಾಡಿ ಬೆಸೆಯುವಾಗ ಒಳಗೆ ಉದುರಿದ ಕಪ್ಪು ಹೊಪ್ಪಳೆ, ಪುಡಿಯಾದ ಫಿಲ್ಟರ್ ಮಣಿ, ಇವೆಲ್ಲ ಫಿಲ್ಟರಿನ ಜಾಲರಿಯಲ್ಲೋ ಕ್ಯಾಪಿಲರಿಯ ಮೊದಲ ಒಂದೆರಡು ಇಂಚಿನಲ್ಲೋ ಸಿಕ್ಕಿಕೊಳ್ಳುತ್ತವೆ. ಫಿಲ್ಟರಿನ ಎರಡು ತುದಿಯಲ್ಲಿ ವ್ಯತ್ಯಾಸ ಇದ್ದರೆ ಫಿಲ್ಟರ್. ವ್ಯತ್ಯಾಸ ಇಲ್ಲ, ಬಿಸಿ ಬಟ್ಟೆಗೂ ಬಗ್ಗುವುದಿಲ್ಲ ಎಂದರೆ ಕ್ಯಾಪಿಲರಿ.

ನಾನು ಟೀಚರಕ್ಕನನ್ನು ಕೇಳಿದೆ, "ಅಕ್ಕಾ, ಇದರ ಕಂಪ್ರೆಸರ್ ಯಾವಾಗ ಬದಲಿಸಿದ್ದು?" "ಕಳೆದ ವರ್ಷ ಸಿಡಿಲು ಬಡಿದಾಗ ಸುಟ್ಟುಹೋಯ್ತು, ಹೊಸತು ಹಾಕಿ ಕೊಟ್ಟಿದ್ದಾರೆ." ಫಿಲ್ಟರ್ ನೋಡಿದೆ. ಫ್ರಿಜ್ ಬಂದಾಗ ಇದ್ದ ಹಳೆಯದ್ದೇ, ಕಂಪನಿಯ ಬ್ರೇಜಿಂಗ್ ಹಾಗೇ ಇತ್ತು. ಸುಟ್ಟ ಕಂಪ್ರೆಸರಿನ ಕರಿಯೆಲ್ಲ ಆ ಫಿಲ್ಟರಿಗೆ ಬಂದು ಸೇರಿತ್ತು.

ಕೆಲಸ ಮಾಡುವ ಕ್ರಮ

ಗ್ಯಾಸನ್ನು ಗಾಳಿಗೆ ಬಿಡದೆ ರಿಕವರಿ ಸಿಲಿಂಡರಿಗೆ ತೆಗೆಯಿರಿ, ತೆಗೆದದ್ದನ್ನು ತೂಗಿ. ಹಾಳಾಗಿರಬಹುದಾದ ಆ ಗ್ಯಾಸನ್ನು ವಾಪಸು ಹಾಕಲಿಕ್ಕಲ್ಲ, ಅದರ ತೂಕ ನಿಮ್ಮ ಪರೀಕ್ಷೆ ಸರಿಯೋ ತಪ್ಪೋ ಎಂದು ಹೇಳುತ್ತದೆ. ಪ್ಲೇಟಿನಲ್ಲಿ 100 ಗ್ರಾಂ ಎಂದಿದ್ದ ಆ ಫ್ರಿಜ್ಜಿನಿಂದ 130 ಗ್ರಾಂ ಚಿಲ್ಲರೆ ಹೊರಬಂತು, ಎಣ್ಣೆಯಲ್ಲಿ ಕರಗಿ ಉಳಿದದ್ದು ಬೇರೆ. ಎರಡು ಸಲ ಹಾಕಿಸಿದ ಗ್ಯಾಸ್ ಎಲ್ಲಿಗೂ ಹೋಗಿರಲಿಲ್ಲ. ತಕ್ಕಡಿಯನ್ನು ಟೀಚರಕ್ಕನಿಗೇ ತೋರಿಸಿದೆ. ಇನ್ನು ಮುಂದೆ ಯಾರಾದರೂ "ಲೀಕ್" ಎಂದರೆ ಎಲ್ಲಿ ಲೀಕ್ ಎಂದು ಅಕ್ಕನೇ ಕೇಳಬೇಕಲ್ಲ.

ಹಳೆಯ ಫಿಲ್ಟರನ್ನು ಟಾರ್ಚ್ ಹಿಡಿದು ಬಿಡಿಸಬೇಡಿ, ಕತ್ತರಿಸಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಹತ್ತರಲ್ಲಿ ಎಂಟು ಜನ ಬಿಸಿ ಮಾಡಿಯೇ ಎಳೆಯುತ್ತಾರೆ. ಫಿಲ್ಟರಿನೊಳಗಿನ ಮಣಿಗಳು ವರ್ಷಗಟ್ಟಲೆ ಹೀರಿಕೊಂಡ ನೀರು ಬೆಂಕಿ ತಾಗಿದ ಕೂಡಲೇ ಆವಿಯಾಗಿ ಕಂಡೆನ್ಸರಿಗೂ ಕ್ಯಾಪಿಲರಿಗೂ ನುಗ್ಗುತ್ತದೆ. ಕಸದ ಚೋಕ್ ತೆಗೆಯಲು ಹೋಗಿ ನೀರಿನ ಚೋಕನ್ನು ನಾವೇ ಮಾಡಿದ ಹಾಗಾಗುತ್ತದೆ. ಕಂಡೆನ್ಸರ್ ಕಡೆ ಟ್ಯೂಬ್ ಕಟ್ಟರಿನಿಂದ ಕತ್ತರಿಸಿ. ಕ್ಯಾಪಿಲರಿಯನ್ನು ಫಿಲ್ಟರಿನಿಂದ ಎರಡು ಮೂರು ಸೆಂಟಿಮೀಟರ್ ಬಿಟ್ಟು, ಸಣ್ಣ ಅರದಿಂದ ಸುತ್ತಲೂ ಗೀರು ಹಾಕಿ ಬಗ್ಗಿಸಿ ಮುರಿಯಿರಿ. ಕಟಿಂಗ್ ಪ್ಲೇಯರಿನಿಂದ ಕತ್ತರಿಸಿದರೆ ತೂತೇ ಚಪ್ಪಟೆಯಾಗುತ್ತದೆ. ಮುರಿದ ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ತೂತು ಗುಂಡಗಿರಬೇಕು.

ಆ ಹಳೆಯ ಫಿಲ್ಟರನ್ನು ಅಂಗಳದಲ್ಲಿ ಉದ್ದಕ್ಕೆ ಸೀಳಿ ನೋಡಿದೆ. ಮಣಿಗಳಲ್ಲಿ ಅರ್ಧದಷ್ಟು ಬೂದಿಯಂತೆ ಪುಡಿಯಾಗಿ, ಎಣ್ಣೆಯೊಂದಿಗೆ ಸೇರಿ ಕಾಡಿಗೆಯ ಹಾಗೆ ಜಾಲರಿಗೆ ಮೆತ್ತಿಕೊಂಡಿತ್ತು. ಬೆರಳಲ್ಲಿ ಉಜ್ಜಿದರೆ ನುಣ್ಣಗೆ, ಮೂಗಿಗೆ ಸುಟ್ಟ ವಾರ್ನಿಷಿನ ವಾಸನೆ. ಕತ್ತರಿಸಿದ ಕ್ಯಾಪಿಲರಿಯ ಆ ಮೂರು ಸೆಂಟಿಮೀಟರ್ ತುಂಡಿನ ಬಾಯಲ್ಲೂ ಕಪ್ಪು ಉಂಗುರ ಇತ್ತು.

ಉಳಿದ ಕ್ಯಾಪಿಲರಿ ಸ್ವಚ್ಛ ಇದೆಯೋ ಎಂದು ನೈಟ್ರೋಜನ್ ಬಿಟ್ಟು ನೋಡಬೇಕು. ರೆಗ್ಯುಲೇಟರನ್ನು 150 ಪಿಎಸ್‌ಐಗೆ ಇಟ್ಟು ಕ್ಯಾಪಿಲರಿಯ ತುದಿಯಿಂದ ಬಿಡಿ, ಕಂಪ್ರೆಸರಿನಿಂದ ಬಿಡಿಸಿದ ಸಕ್ಷನ್ ಲೈನಿನ ಬಾಯಿಗೆ ಹೊಂದಿಸಿದ ಹೋಸನ್ನು ಒಂದು ಲೋಟ ನೀರಿನಲ್ಲಿ ಮುಳುಗಿಸಿ. ಅದೇ ನಂಬರಿನ, ಅಷ್ಟೇ ಉದ್ದದ ಹೊಸ ಕ್ಯಾಪಿಲರಿ ತುಂಡಿನಿಂದ ಅದೇ ಒತ್ತಡದಲ್ಲಿ ಎಷ್ಟು ಗುಳ್ಳೆ ಬರುತ್ತದೋ ಹೆಚ್ಚುಕಡಿಮೆ ಅಷ್ಟೇ ಇಲ್ಲೂ ಬರಬೇಕು. ಆಕ್ಸಿಜನ್ ಸಿಲಿಂಡರನ್ನು ಈ ಕೆಲಸಕ್ಕೆ ಎಂದಿಗೂ ಬಳಸಬೇಡಿ. ಒತ್ತಡದ ಆಕ್ಸಿಜನ್ ಎಣ್ಣೆಗೆ ತಾಗಿದರೆ ಸ್ಫೋಟವಾಗುತ್ತದೆ. ಗುಳ್ಳೆ ಸಾಲದಿದ್ದರೆ ಇನ್ನೊಂದೆರಡು ಸೆಂಟಿಮೀಟರ್ ಕತ್ತರಿಸಿ ಪುನಃ ನೋಡಿ. ಒಟ್ಟು ಉದ್ದ ಮೂರು ಮೀಟರಿನ ಸುಮಾರಿಗೆ ಇರುವುದರಿಂದ ನಾಲ್ಕೈದು ಸೆಂಟಿಮೀಟರ್ ಹೋದರೆ ತೊಂದರೆ ಇಲ್ಲ. ಹಾಗೂ ಬಗ್ಗದಿದ್ದರೆ ಚೋಕ್ ಒಳಗಿದೆ, ಕ್ಯಾಪಿಲರಿಯನ್ನೇ ಬದಲಿಸಬೇಕು. ಅದು ಸಕ್ಷನ್ ಪೈಪಿನೊಳಗೆ ತೂರಿಸಿದ್ದಾದರೆ ಎಳೆದು ಹೊಸತು ತೂರಿಸಬಹುದು. ಹೊರಗೆ ಬೆಸೆದು ಫೋಮಿನೊಳಗೆ ಹೂತದ್ದಾದರೆ ಖರ್ಚು ಎಷ್ಟಾಗುತ್ತದೆ, ಫ್ರಿಜ್ಜಿನ ವಯಸ್ಸೆಷ್ಟು ಎಂದು ಮನೆಯವರ ಜೊತೆ ಮಾತಾಡಿಯೇ ಮುಂದುವರಿಯಿರಿ. ಹೊಸ ಕ್ಯಾಪಿಲರಿ ಹಳೆಯದರ ತೂತು ಮತ್ತು ಉದ್ದಕ್ಕೆ ಸರಿಯಾಗಿರಬೇಕು.

ಕಂಡೆನ್ಸರನ್ನೂ ಫ್ರೀಜರನ್ನೂ ನೈಟ್ರೋಜನಿನಿಂದ ಬೇರೆ ಬೇರೆಯಾಗಿ ಊದಿ, ಹೊರಬರುವ ಬಾಯಿಗೆ ಬಿಳಿ ಬಟ್ಟೆ ಹಿಡಿಯಿರಿ. ಬಟ್ಟೆಗೆ ಕಪ್ಪು ಬೀಳುವುದು ನಿಲ್ಲುವವರೆಗೂ ಊದಬೇಕು.

ಹೊಸ ಫಿಲ್ಟರ್ ಕೊಳ್ಳುವಾಗ ಆರ್-134ಎ ಗ್ಯಾಸಿಗೆ ಎಕ್ಸ್‌ಎಚ್-7 ಅಥವಾ ಎಕ್ಸ್‌ಎಚ್-9 ಮಣಿಯದ್ದು ಕೇಳಿ, ಆದಷ್ಟು ಮೂರು ಬಾಯಿಯದ್ದು ತೆಗೆದುಕೊಳ್ಳಿ. ಮೂರನೆಯ ಬಾಯಿ ವ್ಯಾಕ್ಯೂಮಿಗೆ. ಫಿಲ್ಟರಿನ ಎರಡು ತುದಿಯ ಮುಚ್ಚಳವನ್ನು ಬೇರೆ ಎಲ್ಲಾ ತಯಾರಿ ಮುಗಿದ ಮೇಲೇ ತೆಗೆಯಿರಿ. ನಮ್ಮ ಆಟಿ ತಿಂಗಳ ಗಾಳಿಗೆ ಕಾಲು ಗಂಟೆ ತೆರೆದಿಟ್ಟ ಫಿಲ್ಟರ್ ಫ್ರಿಜ್ಜಿಗೆ ಹೋಗುವ ಮೊದಲೇ ನೀರು ಕುಡಿದಿರುತ್ತದೆ. ಅಂಗಡಿಯಲ್ಲಿ ಮುಚ್ಚಳ ಬಿದ್ದುಹೋದದ್ದನ್ನು ಕೊಟ್ಟರೆ ಬೇಡ ಎನ್ನಿ.

ಕ್ಯಾಪಿಲರಿ ತೂರಿಸುವಾಗ ಮೆಲ್ಲಗೆ ಜಾಲರಿಗೆ ತಾಗುವವರೆಗೆ ಒಳಗೆ ಬಿಟ್ಟು, ಸುಮಾರು ಐದು ಮಿಲಿಮೀಟರ್ ಹಿಂದಕ್ಕೆ ಎಳೆದುಕೊಳ್ಳಿ, ಅಲ್ಲಿಗೆ ಪೆನ್ನಿನಿಂದ ಗುರುತು ಹಾಕಿ. ತಾಗಿದ ಹಾಗೇ ಬಿಟ್ಟರೆ ಜಾಲರಿಯೇ ಬಾಯಿ ಮುಚ್ಚಿ ಹೊಸ ಫಿಲ್ಟರಿನಲ್ಲೂ ಹಾಫ್ ಚೋಕ್ ಆಗುತ್ತದೆ. ತೀರಾ ಹೊರಗಿದ್ದರೆ ಬ್ರೇಜಿಂಗ್ ಕಡ್ಡಿ ಕರಗಿ ತೂತಿನೊಳಗೆ ಹರಿಯುತ್ತದೆ. ಫಿಲ್ಟರ್ ನೆಟ್ಟಗೆ ಅಥವಾ ಓರೆಯಾಗಿ, ಕ್ಯಾಪಿಲರಿ ಕಡೆ ಕೆಳಗಾಗಿ ಇರಬೇಕು, ಆಗ ಕ್ಯಾಪಿಲರಿಗೆ ಯಾವಾಗಲೂ ದ್ರವವೇ ಸಿಗುತ್ತದೆ. ಬ್ರೇಜಿಂಗ್ ಮಾಡುವಾಗ ಫಿಲ್ಟರಿನ ಹೊಟ್ಟೆಗೆ ಒದ್ದೆ ಬಟ್ಟೆ ಸುತ್ತಿ. ಕಂಡೆನ್ಸರಿನ ಪೈಪ್ ಉಕ್ಕಿನದ್ದಾದರೆ ಸಿಲ್ವರ್ ಕಡ್ಡಿ ಮತ್ತು ಫ್ಲಕ್ಸ್ ಬೇಕು, ತಾಮ್ರಕ್ಕೆ ಬಳಸುವ ಕಡ್ಡಿ ಅಲ್ಲಿ ಬಿರುಕು ಬಿಡುತ್ತದೆ. ಫ್ಲಕ್ಸನ್ನು ಜೋಡಿಸಿದ ಮೇಲೆ ಹೊರಗೆ ಮಾತ್ರ ಹಚ್ಚಿ, ಒಳಗೆ ಹೋದದ್ದು ಮುಂದಿನ ಚೋಕ್.

ನೈಟ್ರೋಜನ್ 150 ಪಿಎಸ್‌ಐ ತುಂಬಿ ಸೋಪು ನೀರಿನಲ್ಲಿ ಬೆಸುಗೆಗಳನ್ನು ನೋಡಿ, ಆಮೇಲೆ ವ್ಯಾಕ್ಯೂಮ್. ಚಾರ್ಜಿಂಗ್ ಪೈಪಿನಿಂದ ಮಾತ್ರ ಎಳೆದರೆ ಕಂಡೆನ್ಸರಿನಲ್ಲಿರುವ ಗಾಳಿಯೆಲ್ಲ ಆ ಕೂದಲಿನಂಥ ಕ್ಯಾಪಿಲರಿಯ ಮೂಲಕವೇ ಬರಬೇಕು, ಗಂಟೆಗಟ್ಟಲೆ ಹಿಡಿಯುತ್ತದೆ. ಮೂರನೆಯ ಬಾಯಿ ಇದ್ದರೆ ಎರಡೂ ಕಡೆಯಿಂದ ಎಳೆಯಬಹುದು. ಒಳ್ಳೆಯ ವ್ಯಾಕ್ಯೂಮ್ ಪಂಪ್ ಹಾಕಿ ಮೈಕ್ರಾನ್ ಗೇಜಿನಲ್ಲಿ 500 ತಲುಪಿಸಿ. ಪಂಪ್ ಬಂದ್ ಮಾಡಿ ಹತ್ತು ನಿಮಿಷ ಕಾಯಿರಿ. ಮುಳ್ಳು ಏರಿ ಒಂದು ಕಡೆ ನಿಂತರೆ ಒಳಗೆ ಇನ್ನೂ ತೇವ ಇದೆ, ಸ್ವಲ್ಪ ನೈಟ್ರೋಜನ್ ಬಿಟ್ಟು ಪುನಃ ಎಳೆಯಿರಿ. ನಿಲ್ಲದೆ ಏರುತ್ತಾ ಹೋದರೆ ಲೀಕ್. ಫ್ರಿಜ್ಜಿನ ಕಂಪ್ರೆಸರಿನಿಂದಲೇ ವ್ಯಾಕ್ಯೂಮ್ ಎಳೆಯುವ ಅಭ್ಯಾಸ ಇನ್ನೂ ಇದೆ. ಮಳೆಗಾಲದಲ್ಲಿ ಹಾಗೆ ಮಾಡಿದ ಫ್ರಿಜ್ಜು ಒಂದು ತಿಂಗಳೊಳಗೆ ವಾಪಸು ಬರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆ ದಿನ ನಾನು ಮೂರು ಸಲ ಎಳೆದೆ, ಒಟ್ಟು ಒಂದೂವರೆ ಗಂಟೆ ಹಿಡಿಯಿತು.

ಗ್ಯಾಸನ್ನು ಪ್ಲೇಟಿನಲ್ಲಿ ಬರೆದ ತೂಕಕ್ಕೇ ಹಾಕಿ, ಡಿಜಿಟಲ್ ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟು. ಐಸ್ ಎಲ್ಲಿಯವರೆಗೆ ಬಂತು ಎಂದು ನೋಡಿ ಹಾಕುವ ಪದ್ಧತಿಯಿಂದಲೇ 100 ಗ್ರಾಮಿನ ಜಾಗದಲ್ಲಿ 130 ಗ್ರಾಂ ಸೇರಿದ್ದು. ಚೋಕ್ ಇರುವಾಗ ಹೊಸ ಗ್ಯಾಸ್ ಹಿಂದಿನಿಂದ ದೂಡಿದ್ದರಿಂದ ಹಿಮ ನಾಲ್ಕು ಬೆರಳು ಮುಂದಕ್ಕೆ ಹೋಗುತ್ತದೆ, ಮೆಕ್ಯಾನಿಕ್ಕಿಗೂ ಮನೆಯವರಿಗೂ ಸರಿಯಾಯಿತು ಎನ್ನಿಸುತ್ತದೆ. ಕರಿ ಇನ್ನಷ್ಟು ಕಟ್ಟಿದಾಗ ಹಿಮ ಹಿಂದಕ್ಕೆ ಸರಿಯುತ್ತದೆ. ಎರಡು ತಿಂಗಳಿಗೊಮ್ಮೆ ಗ್ಯಾಸ್ ಹಾಕಿಸುವ ಫ್ರಿಜ್ಜಿನ ಕಥೆ ಹೆಚ್ಚಾಗಿ ಇದೇ.

ಸರಿಯಾಯಿತೇ ಎಂದು ನೋಡುವುದು

ಓಡಿಸಿದ ಹತ್ತು ನಿಮಿಷಕ್ಕೆ ಕಂಡೆನ್ಸರಿನಲ್ಲಿ ಬಿಸಿ ಮೇಲಿನಿಂದ ಕೆಳಗಿನವರೆಗೆ ಹರಡತೊಡಗಿತು. ಫಿಲ್ಟರಿನ ಎರಡು ತುದಿಯೂ ಒಂದೇ ಬಿಸಿ. ಮುಕ್ಕಾಲು ಗಂಟೆಗೆ ಫ್ರೀಜರಿನ ನಾಲ್ಕೂ ಬದಿಗೆ ತೆಳ್ಳಗೆ, ಒಂದೇ ಸಮನಾಗಿ ಹಿಮ ಬಂತು. ಎಡಮೂಲೆಯಿಂದ ಬಲಮೂಲೆಯವರೆಗೆ ಬೆರಳಿನಿಂದ ಗೆರೆ ಎಳೆದರೆ ಎಲ್ಲಿಯೂ ತಗಡು ಬರಿದಾಗಿರಲಿಲ್ಲ. ಗೇಜ್ 4 ಪಿಎಸ್‌ಐನಲ್ಲಿ ನಿಂತಿತು. ಸಕ್ಷನ್ ಪೈಪ್ ಕಂಪ್ರೆಸರಿನ ಹತ್ತಿರ ಸ್ವಲ್ಪ ತಣ್ಣಗಾಯಿತು, ಆದರೆ ಅಲ್ಲಿಯವರೆಗೆ ಐಸ್ ಬರಲಿಲ್ಲ. ಬಂದಿದ್ದರೆ ಗ್ಯಾಸ್ ಹೆಚ್ಚಾಗಿದೆ ಎಂದರ್ಥ.

ಅಲ್ಲಿಗೆ ಮುಗಿಯಲಿಲ್ಲ. ಸುಟ್ಟ ಕರಿ ಕಂಪ್ರೆಸರಿನ ಎಣ್ಣೆಯಲ್ಲಿ ಸ್ವಲ್ಪ ಉಳಿದೇ ಇರುತ್ತದೆ, ಅದು ಹೊಸ ಫಿಲ್ಟರಿಗೆ ಬರುತ್ತದೆ. ಟೀಚರಕ್ಕನಿಗೆ ಎರಡು ಮಾತು ಹೇಳಿ ಬಂದೆ. ವಾರಕ್ಕೊಮ್ಮೆ ಫ್ರಿಜ್ಜಿನ ಹಿಂದೆ ಬ್ಯಾಟರಿ ಹಾಕಿ ಫಿಲ್ಟರ್ ಬೆವರಿದೆಯೋ ನೋಡಬೇಕು. ಫ್ರೀಜರಿನ ಬಲಮೂಲೆಯಲ್ಲಿ ಒಂದು ಸ್ಟೀಲ್ ಲೋಟದಲ್ಲಿ ನೀರು ಇಟ್ಟು, ಅದು ರಾತ್ರಿಯೊಳಗೆ ಗಟ್ಟಿಯಾಗದಿದ್ದರೆ ಫೋನ್ ಮಾಡಬೇಕು. ಬಲಮೂಲೆ ಯಾಕೆಂದರೆ ಗ್ಯಾಸ್ ಕೊನೆಗೆ ತಲುಪುವುದು ಅಲ್ಲಿಗೆ.

ಆರು ವಾರಕ್ಕೆ ಫೋನ್ ಬಂತು, "ತಮ್ಮಾ, ಫಿಲ್ಟರ್ ಸ್ವಲ್ಪ ಒದ್ದೆ ಉಂಟು, ಲೋಟದ ನೀರು ಗಟ್ಟಿಯಾಗ್ತಾ ಉಂಟು." ಹೋಗಿ ನೋಡಿದರೆ ಎರಡು ತುದಿಗೆ ಮೂರು ಡಿಗ್ರಿ ವ್ಯತ್ಯಾಸ. ಫ್ರೀಜರಿಗೆ ಇನ್ನೂ ಏನೂ ಆಗಿರಲಿಲ್ಲ. ಅದೇ ಕ್ರಮದಲ್ಲಿ ಇನ್ನೊಂದು ಫಿಲ್ಟರ್ ಬದಲಿಸಿದೆ, ಈ ಸಲ ಕತ್ತರಿಸಿದ ಕ್ಯಾಪಿಲರಿಯ ಬಾಯಿ ತಾಮ್ರದ ಬಣ್ಣದಲ್ಲೇ ಇತ್ತು. ಕಂಪ್ರೆಸರಿನ ಮೇಲೆ ಒಂದು ಸ್ಟಿಕ್ಕರ್ ಅಂಟಿಸಿ, ಫಿಲ್ಟರ್ ಬದಲಿಸಿದ ಎರಡೂ ತಾರೀಖು, 100 ಗ್ರಾಂ, ನಿಂತ ಒತ್ತಡ 70, ಓಡುವಾಗ 4 ಎಂದು ಬರೆದು ಬಂದೆ.